ನಮ್ಮ ಗೇಟಿಗೆ ಯಾವ ಠಾಣೆಯ ಗಾಡಿ ಬರುತ್ತದೆ: ಹೊಸ ಬಡಾವಣೆಯಲ್ಲಿ ನನ್ನ ಅನುಭವ

ಮೈಸೂರಿನ ಹುಣಸೂರು ರಸ್ತೆಯಲ್ಲಿ, ಹಿನಕಲ್ ದಾಟಿದ ಮೇಲೆ ಸಿಗುವ ಒಂದು ಹೊಸ ಬಡಾವಣೆಗೆ ನಾವು ಮನೆ ಬದಲಾಯಿಸಿದಾಗ, ಅಗ್ನಿಶಾಮಕ ಠಾಣೆ, 108 ಆಂಬುಲೆನ್ಸ್ ನಿಲ್ಲುವ ಜಾಗ ಮತ್ತು ಪೊಲೀಸ್ ಠಾಣೆ ಈ ಮೂರನ್ನೂ ಮೊದಲೇ ಗುರುತಿಸಿಡಬೇಕೆಂದು ತೀರ್ಮಾನಿಸಿದ್ದೆ. ಬಡಾವಣೆಯ ಸಂಘದವರು ಇದನ್ನು ಅನಗತ್ಯ ಓಡಾಟವೆಂದರು. ಫೋನಿನಲ್ಲಿ 112 ಒತ್ತಿದರೆ ಯಾರಾದರೂ ಬಂದೇ ಬರುತ್ತಾರೆ ಎನ್ನುವುದು ಅವರ ವಾದವಾಗಿತ್ತು. ಕಳೆದ ಬೇಸಿಗೆಯಲ್ಲಿ ನಮ್ಮ ಹಿಂದಿನ ಖಾಲಿ ನಿವೇಶನದ ಒಣಹುಲ್ಲಿಗೆ ಬೆಂಕಿ ಬಿದ್ದು, ಗಾಡಿ ಹೆಚ್ಚುಕಡಿಮೆ ನಾನು ಬರೆದಿಟ್ಟಿದ್ದ ಸಮಯಕ್ಕೇ ಬಂದು ನಿಂತ ಮೇಲೆ, ಅದೇ ಸಂಘದವರು ನನ್ನ ಹಾಳೆಯನ್ನು ಕೇಳಿ ಪಡೆದು ಸೂಚನಾ ಫಲಕಕ್ಕೆ ಅಂಟಿಸಿದ್ದಾರೆ. ಆದ್ದರಿಂದ ಮಾಡಿದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಕ್ಷೆಯಿಂದಲೇ ಆರಂಭಿಸಿದೆ. ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯ ಮಾಹಿತಿಯನ್ನು ಹುಡುಕಿಕೊಡುವ ಓವರ್‌ಪಾಸ್ ಎಂಬ ಸಾಧನ ಬಳಸಿ ಅಭ್ಯಾಸವಿರುವವರಿಗೆ ಈ ಪ್ರಶ್ನೆ ಸಾಕು. ಅಕ್ಷಾಂಶ ರೇಖಾಂಶಗಳನ್ನು ಮಾತ್ರ ನಿಮ್ಮ ಜಾಗಕ್ಕೆ ಬದಲಾಯಿಸಿಕೊಳ್ಳಿ.

```
[out:json][timeout:25];
(
  nwr["amenity"="fire_station"](around:10000,12.33,76.59);
  nwr["amenity"="police"](around:10000,12.33,76.59);
  nwr["emergency"="ambulance_station"](around:10000,12.33,76.59);
);
out center;
```

ಅಗ್ನಿಶಾಮಕ ಠಾಣೆಗಳು ಸರಿಯಾಗಿಯೇ ಬಂದವು. ಪೊಲೀಸ್ ಗುರುತುಗಳಲ್ಲಿ ಠಾಣೆ, ಸಂಚಾರಿ ಪೊಲೀಸರ ಚೌಕಿ, ಬಾಗಿಲು ಮುಚ್ಚಿದ ಹೊರಠಾಣೆ ಎಲ್ಲವೂ ಕಲಸಿಹೋಗಿದ್ದವು. ಆಂಬುಲೆನ್ಸಿನ ಸಾಲಿನಲ್ಲಿ ಉಪಯೋಗಕ್ಕೆ ಬರುವಂಥದ್ದು ಏನೂ ಇರಲಿಲ್ಲ. ಫೋನಿನ ಸಾಮಾನ್ಯ ನಕ್ಷೆಯಲ್ಲಿ ಹುಡುಕಿದರೆ ಖಾಸಗಿ ಆಂಬುಲೆನ್ಸ್ ಏಜೆನ್ಸಿಗಳೇ ಮೇಲೆ ಬರುತ್ತವೆ. ಅವುಗಳಲ್ಲಿ ಹತ್ತಿರದ್ದೆಂದು ತೋರಿಸಿದ ಒಂದನ್ನು ಹುಡುಕಿಕೊಂಡು ಹೋದರೆ, ಅಲ್ಲಿದ್ದದ್ದು ಒಂದು ಜೆರಾಕ್ಸ್ ಅಂಗಡಿ. ಫೋನು ಮಾಡಿದಾಗ ಗಾಡಿ ನಗರದ ಇನ್ನೊಂದು ತುದಿಯಲ್ಲಿದೆ, ಸುಮಾರು ಎರಡು ಸಾವಿರ ಆಗುತ್ತದೆ ಎಂಬ ಉತ್ತರ ಬಂತು. ನಕ್ಷೆಯ ಗುರುತು ಗಾಡಿಯದ್ದೇ, ಬರೀ ಕಚೇರಿಯ ಬೋರ್ಡಿನದ್ದೇ ಎಂಬುದು ಹೋಗಿ ನೋಡಿದ ಹೊರತು ತಿಳಿಯುವುದಿಲ್ಲ.

ಬೆಂಕಿಯ ವಿಷಯದಲ್ಲಿ ನಮಗೆ ಎರಡು ಠಾಣೆಗಳು ಪೈಪೋಟಿಯಲ್ಲಿದ್ದವು: ಹೆಬ್ಬಾಳ ಕೈಗಾರಿಕಾ ಪ್ರದೇಶದ್ದು ಮತ್ತು ಸರಸ್ವತಿಪುರಂನದ್ದು. ನಕ್ಷೆಯ ನೇರ ಗೆರೆಯಲ್ಲಿ ಹೆಬ್ಬಾಳವೇ ಹತ್ತಿರ. ಆದರೆ ಅಳೆಯಬೇಕಾದದ್ದು ಮನೆಯಿಂದ ಠಾಣೆಗಲ್ಲ, ಠಾಣೆಯಿಂದ ಮನೆಗೆ, ಏಕೆಂದರೆ ರಿಂಗ್ ರಸ್ತೆಯ ವಿಭಜಕದಿಂದಾಗಿ ಹೋಗುವ ದಾರಿಯೂ ಬರುವ ದಾರಿಯೂ ಒಂದೇ ಆಗಿರುವುದಿಲ್ಲ, ನಮ್ಮ ಕಡೆಗೆ ತಿರುಗಲು ಗಾಡಿ ಮುಂದಕ್ಕೆ ಹೋಗಿ ಯೂ ಟರ್ನ್ ತೆಗೆದುಕೊಳ್ಳಬೇಕಾಗುತ್ತದೆ. ಸ್ಕೂಟರಿನಲ್ಲಿ ಬೆಳಿಗ್ಗೆ, ಸಂಜೆ ಮತ್ತು ರಾತ್ರಿ ಹತ್ತರ ನಂತರ ಎರಡೂ ಠಾಣೆಗಳ ಗೇಟಿನಿಂದ ಹೊರಟು ನೋಡಿದೆ. ರಾತ್ರಿ ಹೆಬ್ಬಾಳದಿಂದ ಹತ್ತು ನಿಮಿಷದೊಳಗೆ ಬರಬಹುದಾಗಿತ್ತು. ಕಾರ್ಖಾನೆಗಳ ಪಾಳಿ ಬಿಡುವ ಹೊತ್ತಿನಲ್ಲಿ, ಬಸ್ಸುಗಳೆಲ್ಲ ಒಟ್ಟಿಗೆ ರಸ್ತೆಗಿಳಿದಾಗ, ಅದೇ ದಾರಿ ಹೆಚ್ಚುಕಡಿಮೆ ಎರಡರಷ್ಟು ಹಿಡಿಯಿತು, ಆಗ ಸರಸ್ವತಿಪುರಂ ಕಡೆಯಿಂದ ಬರುವುದೇ ಲೇಸಾಗಿತ್ತು. ಪೆಟ್ರೋಲಿಗೆ ನಾನೂರು ಐನೂರು ರೂಪಾಯಿ ಆಗಿರಬೇಕು.

ಆಮೇಲೆ ಹೆಬ್ಬಾಳದ ಠಾಣೆಗೇ ಹೋಗಿ ಕೇಳಿದೆ. ಅಲ್ಲಿನ ಹಿರಿಯ ಸಿಬ್ಬಂದಿಯೊಬ್ಬರು, "ಸಾರ್, ನಮ್ಮ ಗಾಡಿ ಬೇರೆ ಕರೆಗೆ ಹೋಗಿದ್ದರೆ ಇನ್ನೊಂದು ಠಾಣೆಯದ್ದು ಬರುತ್ತದೆ. ಯಾವುದು ಬರುತ್ತದೆ ಅನ್ನುವುದಕ್ಕಿಂತ ನಿಮ್ಮ ಗೇಟಿನೊಳಗೆ ಅದು ನುಗ್ಗುತ್ತದೆಯೇ ನೋಡಿಕೊಳ್ಳಿ" ಎಂದರು. ಇಡೀ ಓಡಾಟದಲ್ಲಿ ಸಿಕ್ಕ ಅತ್ಯಂತ ಬೆಲೆಬಾಳುವ ಮಾತು ಅದು. ಅವರ ಒಪ್ಪಿಗೆ ಪಡೆದು, ವಾಟರ್ ಟೆಂಡರ್ ಎನ್ನುವ ನೀರಿನ ಟ್ಯಾಂಕಿರುವ ಬೆಂಕಿ ಗಾಡಿಯನ್ನು ಟೇಪಿನಲ್ಲಿ ಅಳೆದೆ: ಅಗಲ ಸುಮಾರು ಎರಡೂವರೆ ಮೀಟರ್, ಮೇಲಿನ ಏಣಿ ಸೇರಿ ಎತ್ತರ ಮೂರು ಮೀಟರಿಗಿಂತ ಸ್ವಲ್ಪ ಹೆಚ್ಚು. ಅಷ್ಟೇ ಉದ್ದದ ಬಿದಿರು ಕಡ್ಡಿ ಹಿಡಿದು ನಮ್ಮ ಬಡಾವಣೆಯನ್ನು ಸುತ್ತಿದಾಗ, ಮುಖ್ಯ ಕಮಾನಿನಡಿ ಗಾಡಿ ಸಲೀಸಾಗಿ ನುಸುಳುತ್ತದೆ, ಆದರೆ ಎರಡನೇ ಅಡ್ಡರಸ್ತೆಯಲ್ಲಿ ಜೋತುಬಿದ್ದಿದ್ದ ಕೇಬಲ್ಲುಗಳು ಅದನ್ನು ತಡೆಯುತ್ತವೆ ಎಂಬುದು ಸ್ಪಷ್ಟವಾಯಿತು. ಕೇಬಲ್ಲಿನವರಿಂದ ಅವನ್ನು ಮೇಲೆ ಕಟ್ಟಿಸುವುದಕ್ಕೆ ಹಿಡಿದಷ್ಟು ದಿನ ಬೇರೆ ಯಾವ ಕೆಲಸಕ್ಕೂ ಹಿಡಿಯಲಿಲ್ಲ. ಹಿಂಬದಿಯ ಗೇಟಿಗೆ ಸದಾ ಬೀಗವಿರುತ್ತಿತ್ತು; ಅದರ ಎರಡನೇ ಕೀಲಿಯನ್ನು ಈಗ ಕಾವಲುಗಾರನ ಕೋಣೆಯಲ್ಲಿ ಇಡಿಸಿದ್ದೇನೆ.

108ರ ಲೆಕ್ಕವೇ ಬೇರೆ. ಆ ಗಾಡಿಗೆ ಠಾಣೆಯಂಥ ಕಟ್ಟಡವಿರುವುದಿಲ್ಲ. ಸರ್ಕಾರಿ ಆರೋಗ್ಯ ಕೇಂದ್ರದ ಆವರಣದಲ್ಲೋ ಆಸ್ಪತ್ರೆಯ ಪಕ್ಕದಲ್ಲೋ ಅದು ನಿಂತಿರುತ್ತದೆ, ಕರೆಗೆ ಹೋದರೆ ಆ ಜಾಗ ಖಾಲಿ. ಹುಣಸೂರು ರಸ್ತೆಯ ಒಂದು ಆರೋಗ್ಯ ಕೇಂದ್ರದ ಬಳಿ ನಮಗೆ ಹತ್ತಿರದ ಗಾಡಿ ಸಿಕ್ಕಿತು. ಪೈಲಟ್ ಎಂದು ಕರೆಯುವ ಅದರ ಚಾಲಕ ಮತ್ತು ರೋಗಿಗೆ ತುರ್ತು ಚಿಕಿತ್ಸೆ ಕೊಡುವ ಇ.ಎಂ.ಟಿ. ಇಬ್ಬರೂ ಹೇಳಿದ್ದು ಒಂದೇ ಮಾತು: ವಿಳಾಸ ಹೇಳುವುದರಲ್ಲೇ ಹೊತ್ತು ಹೋಗುತ್ತದೆ. ಕರೆ ಮೊದಲು ಮುಟ್ಟುವುದು ಬೆಂಗಳೂರಿನ ಕೇಂದ್ರವನ್ನು. ನೀವು ಗಾಬರಿಯಲ್ಲಿ "ವಿಜಯನಗರ" ಎಂದಷ್ಟೇ ಹೇಳಿದರೆ, ಆ ಹೆಸರಿನ ಬಡಾವಣೆ ಬೆಂಗಳೂರಿನಲ್ಲೂ ಇದೆ, ಮೈಸೂರಿನಲ್ಲೂ ಇದೆ, 2021ರಿಂದ ಒಂದು ಜಿಲ್ಲೆಗೇ ಆ ಹೆಸರಿದೆ. ಹೀಗಾಗಿ ನನ್ನ ಹಾಳೆಯಲ್ಲಿ ವಿಳಾಸ ಶುರುವಾಗುವುದು ಜಿಲ್ಲೆಯಿಂದ. ನಂತರ ತಾಲ್ಲೂಕು, ಮುಖ್ಯ ರಸ್ತೆ, ಯಾವ ಕಡೆಗೆ ತಿರುಗಬೇಕು, ಕೊನೆಯಲ್ಲಿ ಮನೆ ಸಂಖ್ಯೆ. ರಾತ್ರಿಯ ಹೊತ್ತು ಗಾಡಿ ಬೇರೆಡೆ ನಿಲ್ಲುತ್ತದೆಯೇ ಎಂಬುದನ್ನು ಯಾರನ್ನೂ ಕೇಳದೆ ಪತ್ತೆ ಹಚ್ಚಲು ನನ್ನಲ್ಲಿ ಒಂದು ಉಪಾಯವಿದೆ. ಅದನ್ನು ಎಲ್ಲರೂ ಮಾಡತೊಡಗಿದರೆ ಆ ಸಿಬ್ಬಂದಿಗೆ ತೊಂದರೆಯಾದೀತೆಂದು ಇಲ್ಲಿ ಬರೆಯುವುದಿಲ್ಲ.

ಪೊಲೀಸ್ ಠಾಣೆಯಲ್ಲಿ ದೂರಕ್ಕಿಂತ ಸರಹದ್ದು ಮುಖ್ಯ. ನಗರದ ಅಂಚಿನಲ್ಲಿ ಒಂದು ರಸ್ತೆಯ ಈ ಬದಿ ನಗರ ಪೊಲೀಸ್ ಆಯುಕ್ತರ ವ್ಯಾಪ್ತಿಗೂ ಆ ಬದಿ ಜಿಲ್ಲಾ ಪೊಲೀಸರ ವ್ಯಾಪ್ತಿಗೂ ಸೇರಿರಬಹುದು. ನಕ್ಷೆ ನಮಗೆ ವಿಜಯನಗರ ಠಾಣೆಯನ್ನು ತೋರಿಸುತ್ತಿತ್ತು. ಅಲ್ಲಿ ಕೇಳಿದಾಗ ನಮ್ಮ ಸರ್ವೆ ನಂಬರು ಇಲವಾಲ ಠಾಣೆಗೆ ಬರುತ್ತದೆ ಎಂದರು. ಹೋಗುವಾಗ ಬಡಾವಣೆಯ ಹೆಸರನ್ನಲ್ಲ, ಕ್ರಯಪತ್ರದಲ್ಲಿರುವ ಗ್ರಾಮದ ಹೆಸರು ಮತ್ತು ಸರ್ವೆ ನಂಬರನ್ನು ಬರೆದುಕೊಂಡು ಹೋಗಿ. ಹೊಸ ಬಡಾವಣೆಗಳ ಹೆಸರು ಠಾಣೆಯವರಿಗೂ ಗೊತ್ತಿರುವುದಿಲ್ಲ. ಸರಹದ್ದು ತಿಳಿದಿದ್ದರೆ ರಾತ್ರಿ ಗಸ್ತಿಗೆ ಬರುವ ಬೀಟ್ ಪೊಲೀಸರ ಪರಿಚಯವಾಗುತ್ತದೆ, ಊರಿಗೆ ಹೋಗುವಾಗ ಮನೆಗೆ ಬೀಗ ಹಾಕಿದ ವಿಷಯವನ್ನು ಅವರಿಗೇ ತಿಳಿಸಬಹುದು. ಅಪರಾಧ ನಡೆದುಹೋದಾಗ ಮಾತ್ರ ಸರಹದ್ದಿನ ಯೋಚನೆ ಬೇಡ: 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ, ಸಂಜ್ಞೇಯ ಅಪರಾಧದ, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧದ ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು.

ಹುಲ್ಲಿಗೆ ಬೆಂಕಿ ಬಿದ್ದ ಮಧ್ಯಾಹ್ನ ಕರೆ ಮಾಡಿದ್ದು ನಾನಲ್ಲ, ಎದುರು ಮನೆಯ ಅಜ್ಜಿ, ಹಾಳೆಯನ್ನು ಓದಿಕೊಂಡೇ. ಕಾವಲುಗಾರ ಹಿಂಬದಿ ಗೇಟು ತೆರೆದು ರಸ್ತೆಯ ತಿರುವಿನಲ್ಲಿ ನಿಂತ. ಹೆಬ್ಬಾಳದ ಗಾಡಿ ಹನ್ನೆರಡು ನಿಮಿಷದ ಆಸುಪಾಸಿನಲ್ಲಿ ಬಂತು, ಒಂದು ಬಾರಿಯೂ ಹಿಂದೆ ಮುಂದೆ ಮಾಡದೆ ಒಳಗೆ ಬಂತು. ಹಾಳೆಗೆ ಲ್ಯಾಮಿನೇಷನ್ ಸೇರಿ ಮೂವತ್ತು ರೂಪಾಯಿ ಆಗಿತ್ತು. ಆಂಬುಲೆನ್ಸಿನ ಸಾಲನ್ನು ಮಾತ್ರ ಲ್ಯಾಮಿನೇಟ್ ಮಾಡದೆ ಪ್ರತ್ಯೇಕ ಚೀಟಿಯಲ್ಲಿ ಬರೆದು ಅಂಟಿಸಿದ್ದೇನೆ, ಏಕೆಂದರೆ ಆ ಗಾಡಿಯ ಜಾಗ ಈಗಾಗಲೇ ಒಮ್ಮೆ ಬದಲಾಗಿದೆ. ಕೆಲವು ತಿಂಗಳಿಗೊಮ್ಮೆ ಆ ಕಡೆ ಹೋದಾಗ ನೋಡಿಕೊಂಡು ಬಂದು ಚೀಟಿ ತಿದ್ದುತ್ತೇನೆ.