‘ಶೇ. 100 ಫಲಿತಾಂಶ’ ತೆಗೆದು ಬರೆದ ಜಾಹೀರಾತು

ಎಸ್ಸೆಸ್ಸೆಲ್ಸಿ ಗಣಿತ ಕ್ಲಾಸಿನ ಹಳೆಯ ಪೋಸ್ಟಿನಲ್ಲಿ ಇದ್ದದ್ದು ಇಷ್ಟು: ‘ಶೇ. 100 ಫಲಿತಾಂಶ ಗ್ಯಾರಂಟಿ! ಟಾಪರ್‌ಗಳೆಲ್ಲ ನಮ್ಮವರೇ! ಕೆಲವೇ ಸೀಟು ಬಾಕಿ!’ ಇದನ್ನು ತಿದ್ದುವ ಮೊದಲು ದಾಖಲಾತಿ ರಿಜಿಸ್ಟರನ್ನೂ ಅಂಕಗಳ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟುಕೊಂಡೆ.

ಹೆಚ್ಚು ಹೊತ್ತು ಹಿಡಿದದ್ದು ಶೇಕಡಾ ಲೆಕ್ಕ. ಸೇರಿದವರು 40, ಕೊನೆವರೆಗೆ ಇದ್ದು ಪರೀಕ್ಷೆ ಬರೆದವರು 34, ಪಾಸಾದವರು 32. ಬರೆದವರ ಮೇಲೆ ಲೆಕ್ಕ ಹಾಕಿದರೆ ಶೇ. 94, ಸೇರಿದವರ ಮೇಲೆ ಹಾಕಿದರೆ ಶೇ. 80. ನಡುವೆ ಬಿಟ್ಟುಹೋಗುವವರಲ್ಲಿ ಕಷ್ಟಪಡುವ ಮಕ್ಕಳೇ ಹೆಚ್ಚು, ಹಾಗಾಗಿ ಅವರನ್ನು ಕೈಬಿಟ್ಟ ಕೂಡಲೇ ಶೇಕಡಾ ತಾನಾಗಿ ಮೇಲೇರುತ್ತದೆ. ಫೀಸು ಕಟ್ಟುವ ಪೋಷಕರಿಗೆ ಬೇಕಾದದ್ದು ಎರಡನೆಯ ಲೆಕ್ಕ. ಶೇಕಡಾವನ್ನೇ ಬಿಟ್ಟು ಮೂರು ಸಂಖ್ಯೆಗಳನ್ನೂ ಹಾಗೇ ಬರೆದೆ. 40 ಮಕ್ಕಳ ಗುಂಪಿನಲ್ಲಿ ಒಬ್ಬರು ಫೇಲಾದರೂ ಶೇ. 2.5 ಇಳಿಯುತ್ತದೆ, ಅಂಥ ಸಣ್ಣ ಬ್ಯಾಚಿಗೆ ಶೇಕಡಾ ಹೇಗೂ ಒಪ್ಪುವುದಿಲ್ಲ.

ಟಾಪರ್ ಫೋಟೊಗಳದ್ದು ಬೇರೆ ಕಥೆ. 2024ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಫೋಟೊ ಜೊತೆಗೆ ವಿದ್ಯಾರ್ಥಿ ಯಾವ ಕೋರ್ಸು ತೆಗೆದುಕೊಂಡಿದ್ದ, ಎಷ್ಟು ಕಾಲದ್ದು, ಹಣ ಕೊಟ್ಟದ್ದೋ ಉಚಿತವೋ ಎಂದು ಹೇಳಬೇಕು. ಲಿಖಿತ ಒಪ್ಪಿಗೆಯನ್ನು ಫಲಿತಾಂಶ ಬಂದ ಮೇಲೆಯೇ ಪಡೆಯಬೇಕು. ದಾಖಲಾತಿ ಫಾರ್ಮಿನಲ್ಲೇ ಸಹಿ ಹಾಕಿಸಿಕೊಂಡರೆ ನಡೆಯದು. ನಮ್ಮ ಪಟ್ಟಿಯ ಮೊದಲಿಗ ಬಂದದ್ದು ಕೊನೆಯ ಎರಡು ವಾರದ ಪುನರಾವರ್ತನೆಗೆ ಮಾತ್ರ. ಆ ಮಾತು ಸೇರಿಸಿದರೆ ಫೋಟೊದಿಂದ ಕ್ಲಾಸಿಗೇನೂ ದಕ್ಕುವುದಿಲ್ಲ, ತೆಗೆದುಹಾಕಿದೆ.

‘ಗ್ಯಾರಂಟಿ’ ಹೋದ ಜಾಗಕ್ಕೆ ‘ಉತ್ತಮ ಫಲಿತಾಂಶಕ್ಕೆ ಪ್ರಯತ್ನ’ ಎಂದು ಹಾಕಿದರೆ ಸಪ್ಪೆ, ಅರ್ಥವೂ ಇಲ್ಲ. ಅಂಕ ಕ್ಲಾಸಿನ ಕೈಯಲ್ಲಿಲ್ಲ. ಎಷ್ಟು ಪಾಠ, ಎಷ್ಟು ಟೆಸ್ಟು, ಉತ್ತರಪತ್ರಿಕೆ ತಿದ್ದಿ ಯಾವಾಗ ವಾಪಸ್ಸು ಎನ್ನುವುದು ಇದೆ. ‘ಷರತ್ತು ಅನ್ವಯ’ ಎಂದು ಕೆಳಗೆ ಇರುವೆ ಗಾತ್ರದಲ್ಲಿ ಬರೆಯುವ ಚಾಳಿಯನ್ನೂ ಬಿಡಬೇಕು. ಅದೇ ಮಾರ್ಗಸೂಚಿಯಂತೆ ಅಂಥ ಸಾಲು ಹೇಳಿಕೆಯಷ್ಟೇ ದೊಡ್ಡ ಅಕ್ಷರದಲ್ಲಿರಬೇಕು.

ಕೊನೆಗೆ ಉಳಿದದ್ದು:

‘ಎಸ್ಸೆಸ್ಸೆಲ್ಸಿ ಗಣಿತ. ವಾರಕ್ಕೆ 4 ಪಾಠ, ಪ್ರತಿ ಶನಿವಾರ ಟೆಸ್ಟ್. ಉತ್ತರಪತ್ರಿಕೆ ಬುಧವಾರದೊಳಗೆ ವಾಪಸ್. ಕಳೆದ ವರ್ಷ ಸೇರಿದವರು 40, ಪರೀಕ್ಷೆ ಬರೆದವರು 34, ಪಾಸಾದವರು 32. ಬ್ಯಾಚಿಗೆ 40 ಮಕ್ಕಳು, ಈವರೆಗೆ ಸೇರಿದವರು 22. ಮೊದಲ ವಾರ ಕೂತು ನೋಡಿ, ಫೀಸು ಆಮೇಲೆ. ಮನೆಯಲ್ಲಿ ದಿನಕ್ಕೊಂದು ಗಂಟೆ ಲೆಕ್ಕ ಮಾಡದಿದ್ದರೆ ಕ್ಲಾಸೊಂದರಿಂದಲೇ ಅಂಕ ಏರುವುದಿಲ್ಲ.’

ಕೊನೆಯ ವಾಕ್ಯ ಓದಿ ಕೆಲವರು ಫೋನು ಮಾಡುವುದೇ ಇಲ್ಲ. ಮಾಡುವವರು ಮಾತ್ರ ‘ಎಷ್ಟು ಪರ್ಸೆಂಟ್ ಬರುತ್ತೆ ಸಾರ್’ ಎನ್ನುವ ಬದಲು ಬಿಟ್ಟುಹೋದ ಆರು ಮಕ್ಕಳ ಬಗ್ಗೆ ಕೇಳುತ್ತಾರೆ. ಅದಕ್ಕೆ ಉತ್ತರ ಸಿದ್ಧವಿರಲಿ. ಸೀಟಿನ ಸಂಖ್ಯೆಯನ್ನು ವಾರಕ್ಕೊಮ್ಮೆಯಾದರೂ ಬದಲಿಸಿ. 22 ಎಂದು ತಿಂಗಳುಗಟ್ಟಲೆ ನಿಂತರೆ ಅದೂ ಸುಳ್ಳೇ.