ಟೈಲ್ ಕಾಣದ ಸಮುದ್ರ: ಕ್ಯಾಸ್ಕೇಡ್ ಅಳತೆ ಆರಿಸಿದ ನನ್ನ ಅನುಭವ

ನಮ್ಮ ದೋಣಿ ಆಟದ ಸಮುದ್ರದಲ್ಲಿ ಈಗ ಟೈಲ್ ಕಾಣಲ್ಲ, ಅಂದರೆ ಒಂದೇ ಚೌಕದ ನೀರು ಪಕ್ಕಪಕ್ಕ ಮರುಕಳಿಸುವುದು ಗೊತ್ತಾಗಲ್ಲ. ಕಾರವಾರದ ಸದಾಶಿವಗಡದಂಥ ಗುಡ್ಡದ ಮೇಲೆ ಕ್ಯಾಮೆರಾ ಇಟ್ಟು ನಾಲ್ಕು ಕಿಲೋಮೀಟರ್ ನೀರು ನೋಡಿದರೂ ಕಾಣಲ್ಲ. ಹುಬ್ಬಳ್ಳಿಯಲ್ಲಿ ಕೂತು ಇಷ್ಟು ಮಾಡಿದ್ದಕ್ಕೆ ನನಗೆ ಹೆಮ್ಮೆ ಇದೆ. ಯಾಕೆಂದರೆ ಸಾವಿರಾರು ಅಲೆಗಳನ್ನು ಒಟ್ಟಿಗೆ ಕೂಡಿಸುವ ಎಫ್‌ಎಫ್‌ಟಿ ಸಮುದ್ರ ಬೇಡ ಅಂದವರೇ ಜಾಸ್ತಿ. ಧಾರವಾಡದ ಗೆಳೆಯರೊಬ್ಬರು ಸಿಕ್ಕಾಗಲೆಲ್ಲ ಹೇಳುತ್ತಿದ್ದರು: “ನಾಕು ಗರ್ಸ್ಟ್ನರ್ ಅಲಿ ಹಾಕಿ ಮುಗಸ್ರಿ ಸರ. ಎಫ್‌ಎಫ್‌ಟಿ ಅಂದ್ರ ಟೈಲ್ ಕಂಡs ಕಾಣ್ತದ.”

ಅವರ ಮಾತಿಗೆ ಕಾರಣ ಇತ್ತು. ಮೊದಲು ಸ್ಟೋರ್‌ನಲ್ಲಿ ಸಿಗುವ ಒಂದು ನೀರಿನ ಪ್ಯಾಕೇಜ್‌ಗೆ ಸುಮಾರು ಆರು ಸಾವಿರ ಕೊಟ್ಟಿದ್ದೆ. ದಡದಿಂದ ನೋಡಿದರೆ ಚೆನ್ನಾಗಿತ್ತು. ಗುಡ್ಡ ಹತ್ತಿದರೆ ಚಾದರದ ಮೇಲಿನ ಅಚ್ಚಿನ ಹಾಗೆ ಅದೇ ಅಲೆ, ಅದೇ ಸಾಲು. ಅದನ್ನು ಬಿಟ್ಟು ನಾನೇ ಬರೆದೆ. ದೊಡ್ಡ, ನಡು, ಸಣ್ಣ ಅಲೆಗಳಿಗೆ ಒಂದೊಂದು ಟೈಲ್, ಅದೇ ಕ್ಯಾಸ್ಕೇಡ್. ಆಗ ಹಲವರು ಇಡುವ 250, 17, 5 ಮೀಟರ್‌ನ ಮೂರು ಕ್ಯಾಸ್ಕೇಡ್‌ಗಳಿಂದಲೇ ಶುರು ಮಾಡಿದೆ. ಪ್ರತಿಯೊಂದರ ಗ್ರಿಡ್ 256 × 256. ಟೈಲ್ ಆಗಲೂ ಕಂಡಿತು.

ಕಣ್ಣಿನ ಅಂದಾಜು ಬೇಡ ಅಂತ ಒಂದು ಪರೀಕ್ಷೆ ಕಟ್ಟಿಕೊಂಡೆ. ಕಾಲ ನಿಲ್ಲಿಸಿ. ನೇರ ಮೇಲಿಂದ ಆರ್ಥೋಗ್ರಾಫಿಕ್ ಕ್ಯಾಮೆರಾದಲ್ಲಿ ಒಂದು ಕಿಲೋಮೀಟರ್ ಅಗಲದ ಚಿತ್ರ ತೆಗೆಯಿರಿ. ಬಿಸಿಲು ಓರೆಯಾಗಿರಲಿ. ಆ ಚಿತ್ರದ ಇನ್ನೊಂದು ಪ್ರತಿಯನ್ನು ಸರಿಯಾಗಿ ಒಂದು ಟೈಲ್‌ನಷ್ಟು ಸರಿಸಿ, ಡಿಫರೆನ್ಸ್ ಮೋಡ್‌ನಲ್ಲಿ ಮೇಲಿಡಿ. ಕಪ್ಪಾದ ಕಡೆಯೆಲ್ಲ ಅಲೆ ಮರುಕಳಿಸಿದೆ ಅಂತ ಅರ್ಥ. 250 ಮೀಟರ್ ಸರಿಸಿದಾಗ ದೊಡ್ಡ ಅಲೆಗಳೆಲ್ಲ ಕಪ್ಪಾಗಿ ಮಾಯವಾದವು. ಉಳಿದದ್ದು ಸಣ್ಣ ಅಲೆಗಳ ಗೀರು ಮಾತ್ರ.

ಇಲ್ಲಿ ಒಂದು ಮಾತು. ಟೈಲ್ ಅಳತೆಗಳಿಗೆ ಅವಿಭಾಜ್ಯ ಸಂಖ್ಯೆ ಇಟ್ಟರೆ ಸಾಕು, ಒಟ್ಟು ಮೇಲ್ಮೈ ನೂರಾರು ಕಿಲೋಮೀಟರ್‌ವರೆಗೆ ಮರುಕಳಿಸಲ್ಲ ಅಂತ ಹೇಳುತ್ತಾರೆ. ಲೆಕ್ಕ ಸರಿ. ಆದರೆ ಕಣ್ಣು ಒಟ್ಟು ಮೇಲ್ಮೈ ನೋಡಲ್ಲ, ಎತ್ತರದ ಅಲೆ ನೋಡುತ್ತದೆ. ಎತ್ತರದ ಅಲೆ ಇರುವುದು ದೊಡ್ಡ ಕ್ಯಾಸ್ಕೇಡ್‌ನಲ್ಲಿ. ಅದು ತನ್ನ ಪಾಡಿಗೆ 250 ಮೀಟರ್‌ಗೊಮ್ಮೆ ಬಂದೇ ಬರುತ್ತದೆ.

ಹಾಗಾಗಿ ಕೇಳಬೇಕಾದ ಪ್ರಶ್ನೆ ಬೇರೆ. ಆ ಕ್ಯಾಸ್ಕೇಡ್‌ನ ಮುಖ್ಯ ಅಲೆ ಒಂದು ಟೈಲ್‌ನಲ್ಲಿ ಎಷ್ಟು ಸಲ ಹಿಡಿಸುತ್ತದೆ? ಯಾವ ಉದ್ದದ ಅಲೆಗೆ ಎಷ್ಟು ಶಕ್ತಿ ಅಂತ ಹೇಳುವ ಜಾನ್‌ಸ್ವಾಪ್ ಸ್ಪೆಕ್ಟ್ರಮ್‌ನ ತುದಿ ಎಲ್ಲಿದೆ ಅಂತ ಎರಡು ಸಾಲಿನಲ್ಲಿ ಸಿಗುತ್ತದೆ:

```
wp     = 22 * pow(g*g / (U*F), 1.0/3.0)
lambda = 2*PI*g / (wp*wp)
```

ಗಾಳಿ U ಸೆಕೆಂಡಿಗೆ 8 ಮೀಟರ್, ಗಾಳಿ ನೀರಿನ ಮೇಲೆ ಬೀಸಿ ಬರುವ ದೂರ ಅಂದರೆ ಫೆಚ್ F 100 ಕಿಲೋಮೀಟರ್, ಮೀಟರ್ ಲೆಕ್ಕದಲ್ಲಿ 100000, ಇಟ್ಟರೆ ಅಲೆಯ ಉದ್ದ ಸುಮಾರು 52 ಮೀಟರ್ ಬರುತ್ತದೆ. ಅಂದರೆ 250ರ ಟೈಲ್‌ನಲ್ಲಿ ಐದು ಅಲೆಯೂ ಪೂರ್ತಿ ಹಿಡಿಸಲ್ಲ. ಗ್ರಿಡ್‌ನಲ್ಲಿ ಆ ತುದಿಯ ಸುತ್ತ ಇರುವ ಬಿಂದುಗಳೇ ಬೆರಳೆಣಿಕೆಯಷ್ಟು. ಅದರಲ್ಲಿ ಒಂದೆರಡಕ್ಕೆ ರ‍್ಯಾಂಡಮ್ ಸಂಖ್ಯೆ ದೊಡ್ಡದು ಬಿದ್ದರೆ ಇಡೀ ಟೈಲ್ ಅವುಗಳದ್ದೇ. ಕಣ್ಣಿಗೆ ಸಿಗುವುದು ಆ ಅಲೆ.

ನನ್ನ ಅನುಭವದಲ್ಲಿ ಕನಿಷ್ಠ ಹತ್ತು ಅಲೆ ಹಿಡಿಸಬೇಕು. ಆದ್ದರಿಂದ ಮೊದಲ ಟೈಲ್ 521 ಮೀಟರ್ ಮಾಡಿದೆ. ಸಣ್ಣ ಅಲೆಗಳ ಕಡೆ ಗ್ರಿಡ್‌ನ ಕೊನೆಯವರೆಗೂ ಅಲೆ ತುಂಬಿಸಬಾರದು. ಎರಡೇ ಟೆಕ್ಸೆಲ್‌ನ, ಅಂದರೆ ಗ್ರಿಡ್‌ನ ಎರಡೇ ಬಿಂದುವಿನ ಅಲೆ ಹತ್ತಿರದಿಂದ ಚೌಕ ಚೌಕವಾಗಿ ಕಾಣುತ್ತದೆ. ನಾನು ಅರ್ಧಕ್ಕೇ, ಅಂದರೆ ನಾಲ್ಕು ಟೆಕ್ಸೆಲ್‌ನ ಅಲೆಗೇ ನಿಲ್ಲಿಸುತ್ತೇನೆ. 521ರ ಟೈಲ್‌ಗೆ ಆ ಅರ್ಧ ಅಂದರೆ ಸುಮಾರು 8.1 ಮೀಟರ್ ಅಲೆ. ಎರಡನೆಯ ಕ್ಯಾಸ್ಕೇಡ್ ಅಲ್ಲಿಂದಲೇ ಶುರುವಾಗಬೇಕು, ಅದರಲ್ಲೂ ಹತ್ತು ಅಲೆ ಹಿಡಿಸಬೇಕು. ಹಾಗಾಗಿ 81, ಸ್ವಲ್ಪ ಹೆಚ್ಚಿಸಿ 83 ಮೀಟರ್ ಇಟ್ಟೆ. ಅದು 1.3 ಮೀಟರ್ ಅಲೆಗೆ ನಿಲ್ಲುತ್ತದೆ, ಮೂರನೆಯದು 13 ಮೀಟರ್. ಅಳತೆಗಳು ಹೀಗೆ ಒಂದರಿಂದ ಒಂದು ತಾನಾಗೇ ಬರುತ್ತವೆ, ಊಹೆ ಬೇಕಿಲ್ಲ.

```
kMin[0] = 2*PI / 521;
kMin[1] = 2*PI*10 / 83;   kMax[0] = kMin[1];
kMin[2] = 2*PI*10 / 13;   kMax[1] = kMin[2];
kMax[2] = 2*PI*64 / 13;
if (k < kMin[c] || k >= kMax[c]) h0 = 0;
```

ತನ್ನ ಪಾಲಿಗೆ ಸೇರದ ಅಲೆಯನ್ನು ಸೊನ್ನೆ ಮಾಡುವ ಕೊನೆಯ ಸಾಲು ಬಿಟ್ಟರೆ ಏನಾಗುತ್ತದೆ ನೋಡಿ. ಒಂದೇ ಅಲೆ ಎರಡು ಕ್ಯಾಸ್ಕೇಡ್‌ನಲ್ಲೂ ಬಂದು ಶಕ್ತಿ ಎರಡು ಸಲ ಕೂಡುತ್ತದೆ. ಮೇಲ್ಮೈಯ ಸ್ಟ್ಯಾಂಡರ್ಡ್ ಡೀವಿಯೇಷನ್‌ನ ನಾಲ್ಕು ಪಟ್ಟು ತೆಗೆದರೆ ಅಲೆ ಎತ್ತರ ಸಿಗುತ್ತದೆ ಅಲ್ವಾ? ಈ ಗಾಳಿಗೆ ಅದು 1.3 ಮೀಟರ್ ಆಸುಪಾಸು ಇರಬೇಕು. ಸಾಲು ತೆಗೆದಾಗ 1.8ರ ಹತ್ತಿರ ಹೋಯಿತು. ನೋಡುವವರಿಗೆ ಗೊತ್ತಾಗಲ್ಲ, ತೇಲುವ ದೋಣಿಗೆ ಗೊತ್ತಾಗುತ್ತದೆ. ಮೂರಕ್ಕೂ ಬೇರೆ ಬೇರೆ ಸೀಡ್ ಕೊಡುವುದು ಮರೆಯಬೇಡಿ. ಒಂದೇ ಸೀಡ್ ಆದರೆ ದೊಡ್ಡ ಟೈಲ್‌ನ ಆಕಾರವೇ ಚಿಕ್ಕದಾಗಿ ಒಳಗೆ ಇಣುಕುತ್ತದೆ.

ಇಷ್ಟಾದರೂ 521 ಮೀಟರ್‌ಗೊಮ್ಮೆ ಮರುಕಳಿಕೆ ಇದ್ದೇ ಇದೆ. ಗುಡ್ಡದ ಮೇಲಿಂದ ಏಳೆಂಟು ಟೈಲ್ ಒಟ್ಟಿಗೆ ಕಾಣುತ್ತವೆ. ಅದಕ್ಕೆ ಗಾಳಿಯ ಬೀಸು ಒಂದೊಂದು ಕಡೆ ಜೋರು, ಒಂದೊಂದು ಕಡೆ ಕಡಿಮೆ ಇರುವ ಹಾಗೆ ಟೈಲ್‌ಗೆ ಸಂಬಂಧವೇ ಇಲ್ಲದ ಒಂದು ದೊಡ್ಡ ನಾಯ್ಸ್ ಹಾಕಿ, ಅದರಿಂದ ಕ್ಯಾಸ್ಕೇಡ್‌ಗಳ ಎತ್ತರ ಏರಿಸಿ ಇಳಿಸುತ್ತೇನೆ. ಮೂರಕ್ಕೂ ಒಂದೇ ಪ್ರಮಾಣ ಅಲ್ಲ. ಯಾವುದಕ್ಕೆ ಎಷ್ಟು ಅನ್ನುವುದನ್ನು ಆಟ ಬಿಡುಗಡೆ ಆಗುವವರೆಗೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಮೂರನೇ ಕ್ಯಾಸ್ಕೇಡ್ ಹೊಂದಿಸಲು ಉಣಕಲ್ ಕೆರೆಗೆ ಹೋಗುತ್ತಿದ್ದೆ. ಕೆರೆಯಲ್ಲಿ ಸಮುದ್ರ ಏನು ನೋಡುತ್ತೀರಿ ಅಂತ ಕೇಳಿದವರಿದ್ದಾರೆ. ಅದೇ ಸೂತ್ರದಲ್ಲಿ ಗಾಳಿ 5 ಮೀಟರ್, ಫೆಚ್ ಅರ್ಧ ಕಿಲೋಮೀಟರ್ ಹಾಕಿದರೆ ಅಲೆಯ ಉದ್ದ 1.1 ಮೀಟರ್ ಬರುತ್ತದೆ. ಸರಿಯಾಗಿ ನನ್ನ ಮೂರನೇ ಕ್ಯಾಸ್ಕೇಡ್‌ನ ಜಾಗ! ದಂಡೆಯ ಮೇಲೆ ನಿಂತು ವಿಡಿಯೊ ಮಾಡಿಕೊಂಡು ಬಂದು, ಉಳಿದೆರಡು ಕ್ಯಾಸ್ಕೇಡ್ ಆಫ್ ಮಾಡಿ, ಪಕ್ಕಪಕ್ಕ ಇಟ್ಟು ನೋಡಿದೆ. ಅಂಕೋಲಾವರೆಗೆ ಪೆಟ್ರೋಲ್ ಸುಡುವ ಖರ್ಚು ಉಳಿಯಿತು.

ಕಷ್ಟ ಕೊಟ್ಟದ್ದು ಮಳೆಗಾಲದ ಲೆವೆಲ್. ಗಾಳಿ 15 ಮೀಟರ್, ಫೆಚ್ 300 ಕಿಲೋಮೀಟರ್ ಮಾಡಿದರೆ ತುದಿ ಅಲೆ 165 ಮೀಟರ್‌ಗೆ ಹೋಗುತ್ತದೆ. 521ರಲ್ಲಿ ಮೂರೇ ಅಲೆ, ಟೈಲ್ ಮತ್ತೆ ಬಂತು. 1650 ಮೀಟರ್ ಬೇಕು. ಆದರೆ 256ರ ಗ್ರಿಡ್‌ನಲ್ಲಿ ಅಷ್ಟು ಹಿಗ್ಗಿಸಿದರೆ ಮೂರನೆಯದು 40 ಮೀಟರ್ ದಾಟುತ್ತದೆ, ದೋಣಿಯ ಪಕ್ಕದ ಸಣ್ಣ ಅಲೆ ಹೋಗಿಬಿಡುತ್ತದೆ. ನಾಲ್ಕನೇ ಕ್ಯಾಸ್ಕೇಡ್ ಹಾಕಿ ಅಂತ ಕೆಲವರು ಅಂದರು. ನಾನು ಮೊದಲನೆಯದರ ಗ್ರಿಡ್ ಮಾತ್ರ 512 ಮಾಡಿದೆ. ಈಗ ಅಳತೆ 1667, 131, 21.

512 ಅಂದರೆ ಆ ಕ್ಯಾಸ್ಕೇಡ್‌ಗೆ ನಾಲ್ಕು ಪಟ್ಟಿಗಿಂತ ಜಾಸ್ತಿ ಕೆಲಸ. ಹನ್ನೊಂದು ಸಾವಿರಕ್ಕೆ ಸಿಕ್ಕ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಅಷ್ಟು ತಡೆಯಲ್ಲ. ಆದರೆ ಅದರಲ್ಲಿರುವ ಅತಿ ಸಣ್ಣ ಅಲೆಯೇ 13 ಮೀಟರ್, ಅದರ ಅವಧಿ ಹತ್ತಿರ ಹತ್ತಿರ 3 ಸೆಕೆಂಡ್. ಅಷ್ಟು ನಿಧಾನದ ಅಲೆಯನ್ನು ಪ್ರತಿ ಫ್ರೇಮ್‌ಗೂ ಲೆಕ್ಕ ಹಾಕುವುದು ಯಾಕೆ? ಫ್ರೇಮ್ ಬಿಟ್ಟು ಫ್ರೇಮ್ ಲೆಕ್ಕ ಹಾಕಿ, ನಡುವಿನದನ್ನು ಹಿಂದಿನ ಎರಡು ಟೆಕ್ಸ್‌ಚರ್‌ಗಳಿಂದ ಬೆರೆಸುತ್ತೇನೆ. ಒಂದು ಫ್ರೇಮ್ ತಡ ಆಗುತ್ತದೆ, ಕಾಣಲ್ಲ. ದೋಣಿ ತೇಲಿಸುವ ಲೆಕ್ಕವೂ ಅದೇ ಬೆರೆಸಿದ ಎತ್ತರವನ್ನೇ ಓದಬೇಕು, ಇಲ್ಲದಿದ್ದರೆ ದೋಣಿ ನೀರಿನೊಳಗೆ ಸಣ್ಣಗೆ ನಡುಗುತ್ತದೆ. ಮೂರೂ ಸೇರಿ ಈಗ ಸರಾಸರಿ ಎರಡು ಮಿಲಿಸೆಕೆಂಡಿನ ಆಸುಪಾಸು ಬರುತ್ತದೆ.

ಆಟ ನಡೆಯುವಾಗಲೇ ಒಂದು ಅಳತೆಯಿಂದ ಇನ್ನೊಂದಕ್ಕೆ ಹೋಗಲು ಆಗಲ್ಲ. ಟೈಲ್ ಅಳತೆ ಬದಲಾದ ಕ್ಷಣ ಇಡೀ ಸಮುದ್ರ ಬೇರೆ ಆಕಾರಕ್ಕೆ ಹಾರುತ್ತದೆ, ದೋಣಿ ಎಗರುತ್ತದೆ. ಅದಕ್ಕೇ ಹವಾಮಾನವನ್ನು ಲೆವೆಲ್‌ಗೆ ಕಟ್ಟಿದ್ದೇನೆ. ಒಂದೇ ಲೆವೆಲ್‌ನಲ್ಲಿ ಶಾಂತ ಸಮುದ್ರದಿಂದ ಬಿರುಗಾಳಿಗೆ ಹೋಗಬೇಕೆನ್ನುವವರು ಶುರುವಿನಿಂದಲೇ 1667, 131, 21 ಇಟ್ಟುಕೊಳ್ಳಿ. ಶಾಂತ ನೀರಿನಲ್ಲಿ ಒಂದಷ್ಟು ಲೆಕ್ಕ ವ್ಯರ್ಥ ಆಗುತ್ತದೆ ಅಷ್ಟೇ.