ಕಾಲಿಗಿಳಿದ ನೋವು ಸೊಂಟಕ್ಕೆ ಮರಳುವಾಗ: ಫಿಸಿಯೋಥೆರಪಿಸ್ಟ್ ಆಗಿ ನನ್ನ ಅನುಭವ

ಬೆಂಗಳೂರಿನ ಹೊರವರ್ತುಲ ರಸ್ತೆಯ ಸಮೀಪದಲ್ಲಿರುವ ನನ್ನ ಚಿಕಿತ್ಸಾಲಯಕ್ಕೆ ಬರುವವರಲ್ಲಿ ಹೆಚ್ಚಿನವರು ದಿನವಿಡೀ ಕಂಪ್ಯೂಟರಿನ ಮುಂದೆ ಕುಳಿತು ದುಡಿಯುವವರು. ಸೊಂಟದಲ್ಲಿ ಹುಟ್ಟಿದ ನೋವು ಒಂದು ಕಾಲಿನುದ್ದಕ್ಕೂ ಇಳಿಯತೊಡಗಿದಾಗ ಅವರನ್ನು ಕಾಡುವ ಪ್ರಶ್ನೆ, ನೋವು ಯಾವಾಗ ಕಡಿಮೆಯಾಗುತ್ತದೆ ಎಂಬುದು. ನಾನು ಮಾತ್ರ ಮೊದಲು ಕೇಳುವುದು ನೋವು ಎಲ್ಲಿಯವರೆಗೆ ಇಳಿಯುತ್ತದೆ, ಯಾವ ಭಂಗಿಯಲ್ಲಿ ಇನ್ನೂ ಕೆಳಗೆ ಹೋಗುತ್ತದೆ, ಯಾವಾಗ ಮೇಲಕ್ಕೆ ಸರಿಯುತ್ತದೆ ಎಂದು. ಸಯಾಟಿಕಾ ಎಂದು ಕರೆಯುವ ಈ ತೊಂದರೆಯಲ್ಲಿ ನೋವಿನ ತೀವ್ರತೆಗಿಂತ ಅದು ಇರುವ ಜಾಗವೇ ಹೆಚ್ಚಿನ ವಿಷಯ ಹೇಳುತ್ತದೆ ಎಂಬುದನ್ನು ನನ್ನ ಬಳಿ ಚಿಕಿತ್ಸೆ ಪಡೆದ ಒಬ್ಬರ ಉದಾಹರಣೆಯಿಂದ ವಿವರಿಸುತ್ತೇನೆ.

ಅವರು ಸಾಫ್ಟ್‌ವೇರ್ ಪರೀಕ್ಷಣೆಯ ಕೆಲಸದಲ್ಲಿದ್ದ, ಮೂವತ್ತೈದರ ಆಸುಪಾಸಿನ ವಯಸ್ಸಿನವರು. ಕೆಲವು ತಿಂಗಳುಗಳಿಂದ ಸೊಂಟದ ಬಲಭಾಗದಲ್ಲಿ ಬಿಗಿತವಿತ್ತು. ಒಂದು ಮುಂಜಾನೆ ಮುಖ ತೊಳೆಯಲು ಬಾಗಿದಾಗ ಸೊಂಟ ಹಿಡಿದುಕೊಂಡಿತು; ನಾಲ್ಕೈದು ದಿನಗಳಲ್ಲಿ ಸೊಂಟದ ನೋವು ಇಳಿದು, ಅದರ ಬದಲು ಬಲ ಪೃಷ್ಠದಿಂದ ತೊಡೆಯ ಹಿಂಭಾಗ ಹಾಗೂ ಮೀನಖಂಡದ ಮೂಲಕ ಪಾದದ ಹೊರ ಅಂಚಿನವರೆಗೆ ಸಿಡಿಯುವ ನೋವು ಶುರುವಾಯಿತು. ಕಿರುಬೆರಳಿನ ಬಳಿ ಜೋಮು ಹಿಡಿದಂತಿತ್ತು. ಕುಳಿತರೆ ಹೆಚ್ಚು, ಕೆಮ್ಮಿದರೆ ಅಥವಾ ಸೀನಿದರೆ ಕಾಲಿಗೆ ಮಿಂಚು ಹೊಡೆದಂತೆ. ನಡೆದಾಡಿದರೆ ಮಾತ್ರ ಸ್ವಲ್ಪ ಹಗುರ. ಸೊಂಟದ ನೋವು ಕಡಿಮೆಯಾಗಿರುವುದರಿಂದ ಕಾಯಿಲೆ ಅರ್ಧ ವಾಸಿಯಾಗಿದೆ ಎಂದು ಅವರು ಭಾವಿಸಿದ್ದರು. ವಾಸ್ತವದಲ್ಲಿ ಅದು ಹದಗೆಟ್ಟಿತ್ತು.

ಇಲ್ಲಿ ನಡೆದದ್ದನ್ನು ತಿಳಿಯಲು ಡಿಸ್ಕಿನ ರಚನೆಯನ್ನು ಸ್ವಲ್ಪ ನೋಡಬೇಕು. ಬೆನ್ನೆಲುಬಿನ ಎರಡು ಕಶೇರುಕಗಳ ನಡುವೆ ಇರುವ ಡಿಸ್ಕಿಗೆ ಹೊರಗೆ ಗಟ್ಟಿಯಾದ ನಾರಿನ ಸುತ್ತುಗಳೂ ಒಳಗೆ ನೀರಿನಂಶ ಹೆಚ್ಚಿರುವ ಮೆತ್ತನೆಯ ತಿರುಳೂ ಇರುತ್ತವೆ. ನಾವು ಮುಂದಕ್ಕೆ ಬಾಗಿ ಬಹಳ ಹೊತ್ತು ಕುಳಿತಾಗ ಡಿಸ್ಕಿನ ಮುಂಭಾಗ ಅದುಮಿಕೊಂಡು, ಹಿಂಭಾಗದ ನಾರುಗಳು ಹಿಗ್ಗಿರುತ್ತವೆ. ಆ ನಾರುಗಳಲ್ಲಿ ಬಿರುಕು ಬಿಟ್ಟಿದ್ದರೆ ತಿರುಳು ಅದರ ಮೂಲಕ ಹಿಂದಕ್ಕೆ, ಸಾಮಾನ್ಯವಾಗಿ ಒಂದು ಪಕ್ಕಕ್ಕೆ, ಉಬ್ಬುತ್ತದೆ ಅಥವಾ ಹೊರಬರುತ್ತದೆ. ಅಲ್ಲಿಯೇ ಕಾಲಿಗೆ ಇಳಿಯುವ ನರದ ಬೇರು ಹಾದುಹೋಗುತ್ತದೆ. ತಿರುಳಿನ ಒತ್ತಡವಷ್ಟೇ ನೋವಿಗೆ ಕಾರಣವಲ್ಲ. ಅದರಲ್ಲಿರುವ ರಾಸಾಯನಿಕಗಳಿಂದ ನರದ ಬೇರು ಉರಿಯೂತಗೊಂಡು ಸೂಕ್ಷ್ಮವಾಗುತ್ತದೆ. ಆದ್ದರಿಂದಲೇ ದೊಡ್ಡ ಉಬ್ಬಿದ್ದೂ ನೋವಿಲ್ಲದವರು, ಸಣ್ಣ ಉಬ್ಬಿನಿಂದಲೇ ನಿದ್ದೆಗೆಟ್ಟವರು ಇಬ್ಬರೂ ಸಿಗುತ್ತಾರೆ. ಡಿಸ್ಕ್ ಜಾರುವುದಿಲ್ಲ, ಅದನ್ನು ತಟ್ಟಿ ಸ್ವಸ್ಥಾನಕ್ಕೆ ಕೂರಿಸಲೂ ಆಗುವುದಿಲ್ಲ. ಹಾಗೆ ಮಾಡುತ್ತೇವೆಂದು ಸೊಂಟವನ್ನು ತಿರುಚುವವರ ಬಳಿಗೆ ಕಾಲಿನಲ್ಲಿ ಬಲ ಕುಗ್ಗಿದವರು ಹೋಗಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಯಾವ ಬೇರಿಗೆ ತೊಂದರೆಯಾಗಿದೆ ಎಂಬುದನ್ನು ಕಾಲೇ ತಿಳಿಸುತ್ತದೆ. ಕೆಳಗಿನ ಎರಡು ಡಿಸ್ಕ್‌ಗಳಲ್ಲಿಯೇ ಈ ತೊಂದರೆ ಹೆಚ್ಚು. ಸೊಂಟದ ಐದನೆಯ ನರದ ಬೇರು, ಅಂದರೆ ಎಲ್5 ಆದರೆ ಪಾದದ ಮೇಲ್ಭಾಗ ಮತ್ತು ಹೆಬ್ಬೆರಳಿನ ಕಡೆ ಜೋಮು ಬಂದು, ಹೆಬ್ಬೆರಳನ್ನು ಮೇಲೆತ್ತುವ ಮತ್ತು ಹಿಮ್ಮಡಿಯ ಮೇಲೆ ನಡೆಯುವ ಬಲ ತಗ್ಗುತ್ತದೆ. ಅದರ ಕೆಳಗಿನ ಬೇರು, ಅಂದರೆ ಎಸ್1 ಆದರೆ ಪಾದದ ಹೊರ ಅಂಚು ಮರಗಟ್ಟಿ, ತುದಿಗಾಲಿನಲ್ಲಿ ಏಳುವ ಶಕ್ತಿ ಕುಂದುತ್ತದೆ. ನನ್ನ ರೋಗಿ ಎಡಗಾಲೊಂದರಲ್ಲೇ ನಿಂತು ಇಪ್ಪತ್ತು ಸಲ ಹಿಮ್ಮಡಿ ಎತ್ತಿದರು. ಬಲಗಾಲಿನಲ್ಲಿ ನಾಲ್ಕನೆಯ ಸಲಕ್ಕೇ ಹಿಮ್ಮಡಿ ಕುಸಿಯಿತು. ಬಲ ಹಿಮ್ಮಡಿಯ ಹಿಂದಿನ ಸ್ನಾಯುರಜ್ಜುವಿಗೆ ಸುತ್ತಿಗೆ ತಾಗಿಸಿದರೆ ಪ್ರತಿವರ್ತನ ಇರಲಿಲ್ಲ. ಅಂಗಾತ ಮಲಗಿಸಿ ಬಲಗಾಲನ್ನು ಮಂಡಿ ಮಡಿಸದೆ ಎತ್ತಿದಾಗ ಸುಮಾರು 40 ಡಿಗ್ರಿಗೇ ಮೀನಖಂಡದವರೆಗೆ ಅದೇ ನೋವು ಬಂತು. ಅವರು ತಂದಿದ್ದ ಎಂಆರ್‌ಐ ವರದಿಯಲ್ಲಿ ಎಲ್5 ಮತ್ತು ಎಸ್1 ನಡುವಿನ ಡಿಸ್ಕ್ ಬಲಗಡೆಗೆ ಹೊರಚಾಚಿ ಎಸ್1 ಬೇರನ್ನು ಒತ್ತುತ್ತಿದೆ ಎಂದಿತ್ತು. ಕಾಲು ಹೇಳಿದ್ದಕ್ಕೂ ಚಿತ್ರ ತೋರಿಸಿದ್ದಕ್ಕೂ ತಾಳೆಯಾದ್ದರಿಂದ ಆ ವರದಿಗೆ ಬೆಲೆ ಇತ್ತು. ಯಾವ ನೋವೂ ಇಲ್ಲದ ಇಪ್ಪತ್ತರ ಹರೆಯದವರಲ್ಲೂ ಸುಮಾರು 30 ಪ್ರತಿಶತ ಜನರ ಸ್ಕ್ಯಾನಿನಲ್ಲಿ ಡಿಸ್ಕ್ ಉಬ್ಬು ಕಾಣುತ್ತದೆ. ಹಾಗಾಗಿ ತಾಳೆಯಾಗದ ಎಂಆರ್‌ಐ ನೋಡಿ ಹೆದರುವುದಕ್ಕೆ ಅರ್ಥವಿಲ್ಲ.

ವ್ಯಾಯಾಮಕ್ಕೆ ಕೈಹಾಕುವ ಮೊದಲು ಕೇಳಲೇಬೇಕಾದ ಕೆಲವು ಪ್ರಶ್ನೆಗಳಿವೆ. ಮೂತ್ರ ಕಟ್ಟಿದೆಯೇ, ಅಥವಾ ತಿಳಿಯದೆ ಹೋಗುತ್ತಿದೆಯೇ? ತೊಡೆಸಂದು, ಗುದದ್ವಾರ ಮತ್ತು ಜನನಾಂಗದ ಸುತ್ತ ಸ್ಪರ್ಶ ಮಂದವಾಗಿದೆಯೇ? ಎರಡೂ ಕಾಲುಗಳಿಗೆ ನೋವು ಅಥವಾ ನಿತ್ರಾಣ ಬಂದಿದೆಯೇ? ಇವುಗಳಲ್ಲಿ ಒಂದಿದ್ದರೂ ಬೆನ್ನೆಲುಬಿನ ಕೆಳತುದಿಯ ನರಗುಚ್ಛವೇ ಒತ್ತಡಕ್ಕೆ ಸಿಕ್ಕಿರಬಹುದು. ಅಂಥವರು ಅದೇ ದಿನ, ರಾತ್ರಿಯಾಗಿದ್ದರೂ, ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಜ್ವರ, ಕಾರಣವಿಲ್ಲದೆ ಇಳಿದ ತೂಕ, ಹಿಂದೆ ಬಂದಿದ್ದ ಕ್ಯಾನ್ಸರ್, ಬಿದ್ದ ಪೆಟ್ಟು ಇದ್ದರೂ ಮೊದಲು ವೈದ್ಯರೇ ನೋಡಬೇಕು. ಈ ರೋಗಿಗೆ ಇವು ಯಾವುವೂ ಇರಲಿಲ್ಲ. ಮೂಳೆ ವೈದ್ಯರು ನೋಡಿ, ಕೆಲವು ದಿನಗಳ ಮಟ್ಟಿಗೆ ನೋವಿನ ಮಾತ್ರೆ ಬರೆದುಕೊಟ್ಟೇ ಕಳಿಸಿದ್ದರು.

ನಂತರ ನಾನು ಮಾಡಿದ್ದು ಒಂದೊಂದು ದಿಕ್ಕಿನ ಚಲನೆಯನ್ನು ಪದೇ ಪದೇ ಮಾಡಿಸಿ, ನೋವು ಎತ್ತ ಸರಿಯುತ್ತದೆ ಎಂದು ಗಮನಿಸುವ ಪರೀಕ್ಷೆ. ಇದರ ಮೂಲ ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿ ಅವರದು. 1956ರಲ್ಲಿ ಅವರ ಚಿಕಿತ್ಸಾಲಯದಲ್ಲಿ ಕಾಲುನೋವಿದ್ದ ಒಬ್ಬ ರೋಗಿ, ತಲೆಯ ಕಡೆ ಎತ್ತರಿಸಿದ್ದ ಮಂಚದ ಮೇಲೆ ಆಕಸ್ಮಿಕವಾಗಿ ಬೋರಲು ಮಲಗಿದ್ದನು. ಸೊಂಟ ಹಿಂದಕ್ಕೆ ಬಾಗಿದ್ದ ಆ ಭಂಗಿಯಲ್ಲೇ ಕೆಲವು ನಿಮಿಷ ಕಳೆದ ಮೇಲೆ ಕಾಲಿನ ನೋವು ಮಾಯವಾಗಿತ್ತು. ಆಗಿನ ಕಾಲಕ್ಕೆ ಅದು ಮಾಡಬಾರದ ಭಂಗಿ ಎನಿಸಿದ್ದರಿಂದ ಮೆಕೆಂಜಿ ಬೆಚ್ಚಿದರೂ, ಅದನ್ನು ಬಿಡದೆ ಅಭ್ಯಸಿಸಿದರು. ಕೆಳಗಿನ ನೋವು ಹಂತಹಂತವಾಗಿ ಮೇಲಕ್ಕೆ, ಸೊಂಟದ ಮಧ್ಯಕ್ಕೆ ಹಿಂದಿರುಗುವುದು ಒಳ್ಳೆಯ ಲಕ್ಷಣವೆಂದು ಇಂದು ವ್ಯಾಪಕವಾಗಿ ಒಪ್ಪಲಾಗಿದೆ.

ನನ್ನ ರೋಗಿ ನಿಂತು ಮುಂದಕ್ಕೆ ಬಾಗಿದಾಗ ನೋವು ಪಾದಕ್ಕೆ ಇಳಿದು ಅಲ್ಲೇ ಉಳಿಯಿತು. ಆ ದಿಕ್ಕನ್ನು ಬಿಟ್ಟೆವು. ಬೋರಲು ಮಲಗಿಸಿ, ಅಂಗೈ ಊರಿ ಸೊಂಟವನ್ನು ಹಾಸಿಗೆಗೆ ಒರಗಿಸಿಟ್ಟು ಎದೆಯನ್ನಷ್ಟೇ ಎತ್ತಿಸಿದೆ. ನೋವು ಆಗಲೂ ಮೀನಖಂಡದಲ್ಲೇ ಹೆಚ್ಚಾಯಿತು. ಇಲ್ಲಿಗೆ ಹಲವರು ಈ ವ್ಯಾಯಾಮ ತಮಗೆ ಆಗದೆಂದು ಕೈಬಿಡುತ್ತಾರೆ. ಆದರೆ ಈ ರೋಗಿ ನಿಂತಾಗ ಮೈಯ ಮೇಲ್ಭಾಗ ಎಡಕ್ಕೆ ವಾಲಿರುವುದನ್ನು ನಾನು ಗಮನಿಸಿದ್ದೆ. ಪಕ್ಕಕ್ಕೆ ವಾಲಿದವರಲ್ಲಿ ಆ ವಾಲಿಕೆಯನ್ನು ಸರಿಪಡಿಸದೆ ನೇರವಾಗಿ ಹಿಂದಕ್ಕೆ ಬಾಗಿಸಿದರೆ ಹೀಗಾಗುವುದು ಸಾಮಾನ್ಯ. ಸೊಂಟವನ್ನು ನೋವಿಲ್ಲದ ಕಡೆಗೆ, ಅಂದರೆ ಎಡಕ್ಕೆ ಒಂದಿಷ್ಟು ಸರಿಸಿ ಮಲಗಿಸಿ, ಮತ್ತೆ ಹತ್ತು ಸಲ ನಿಧಾನವಾಗಿ ಎದೆ ಎತ್ತಿಸಿದಾಗ ಪಾದದ ಜೋಮು ತಿಳಿಯಾಗಿ, ನೋವು ಮಂಡಿಯ ಮೇಲಕ್ಕೆ ಬಂತು. ಎದ್ದು ನಡೆದಾಡಿದ ಮೇಲೂ ಅದು ಕೆಳಗಿಳಿಯಲಿಲ್ಲ. ಸುಧಾರಣೆ ಹೀಗೆ ಉಳಿದುಕೊಂಡರೆ ಮಾತ್ರ ಅದೇ ಸರಿಯಾದ ದಿಕ್ಕು ಎಂದು ನಾನು ಒಪ್ಪುತ್ತೇನೆ.

ಎಚ್ಚರವಾಗಿರುವ ಹೊತ್ತಿನಲ್ಲಿ ಎರಡು ಮೂರು ಗಂಟೆಗೊಮ್ಮೆ ಹತ್ತು ಸಲ ಇದನ್ನು ಮಾಡಬೇಕೆಂದೂ, ನೋವು ಕೆಳಗಿಳಿದು ಅಲ್ಲೇ ನಿಂತರೆ ನಿಲ್ಲಿಸಬೇಕೆಂದೂ ಹೇಳಿ ಕಳಿಸಿದೆ. ಎರಡನೆಯ ವಾರದಲ್ಲಿ ಅವರು ಗಾಬರಿಯಿಂದ ಕರೆ ಮಾಡಿದರು: "ಮೇಡಂ, ಕಾಲು ಪರವಾಗಿಲ್ಲ, ಆದರೆ ಸೊಂಟದ ಮಧ್ಯೆ ಮೊದಲಿಗಿಂತ ಜಾಸ್ತಿ ನೋಯುತ್ತಿದೆ. ವ್ಯಾಯಾಮ ನಿಲ್ಲಿಸಿಬಿಡಲೇ?" ನಿಲ್ಲಿಸಬೇಡಿ ಎಂದೆ. ಕಾಲು ಖಾಲಿಯಾಗಿ ಸೊಂಟ ನೋಯುವುದು ಈ ದಾರಿಯ ನಡುವಿನ ಒಂದು ಹಂತ. ಅವರನ್ನು ಮೊದಲು ಹುಸಿ ಸಮಾಧಾನಕ್ಕೆ ಗುರಿಮಾಡಿದ್ದ ಕ್ರಮವೇ ಈಗ ಹಿಮ್ಮುಖವಾಗಿ ನಡೆಯುತ್ತಿತ್ತು.

ಕೆಲಸದ ಕುರ್ಚಿಯ ವಿಷಯದಲ್ಲಿ ನಾನು ಮಾಡಿಸಿದ ಬದಲಾವಣೆಗಳು ಕಡಿಮೆ. ಸೊಂಟದ ಒಳಬಾಗಿಗೆ ಸುತ್ತಿದ ಟವೆಲ್ ಇಡುವುದು. ಪರದೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಲ್ಯಾಪ್‌ಟಾಪಿಗೆ ಬೇರೆ ಕೀಬೋರ್ಡ್ ಜೋಡಿಸುವುದು. ಅರ್ಧ ಗಂಟೆಗೊಮ್ಮೆ ಎದ್ದು, ಸೊಂಟದ ಮೇಲೆ ಕೈಯಿಟ್ಟು ಐದಾರು ಸಲ ಹಿಂದಕ್ಕೆ ಬಾಗಿ, ಫೋನಿನ ಮಾತುಗಳನ್ನೆಲ್ಲ ನಿಂತೇ ಆಡುವುದು. ದುಬಾರಿ ಕುರ್ಚಿಯೂ ಎರಡು ಗಂಟೆ ಅಲುಗಾಡದೆ ಕುಳಿತವರನ್ನು ಕಾಪಾಡುವುದಿಲ್ಲ. ಇದಕ್ಕಿಂತ ಹೆಚ್ಚು ಪ್ರಯೋಜನ ಸಿಕ್ಕಿದ್ದು ಬೆಳಗಿನ ಮೊದಲ ಗಂಟೆಯ ಎಚ್ಚರಿಕೆಯಿಂದ. ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿಕೊಂಡು ಉಬ್ಬಿರುವುದರಿಂದ, ಎದ್ದ ಕೂಡಲೇ ಬಾಗಿದರೆ ಹಿಂಭಾಗದ ನಾರುಗಳ ಮೇಲೆ ಬಿಗಿತ ಹೆಚ್ಚು. ಆ ಹೊತ್ತಿನಲ್ಲಿ ಬಗ್ಗಿ ನೆಲ ಒರೆಸುವುದು, ಬಕೆಟ್ ಎತ್ತುವುದು, ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂರುವುದು ಬೇಡವೆಂದೆ. ಮುಖ ತೊಳೆಯುವಾಗ ಒಂದು ಕೈಯನ್ನು ಬೇಸಿನ್ನಿಗೆ ಊರಿ, ಮಂಡಿ ಮಡಿಸಿ ಬಾಗಲು ಕಲಿಸಿದೆ. ಹಾಸಿಗೆ ಹಿಡಿಯಲು ಬಿಡಲಿಲ್ಲ, ಹತ್ತು ನಿಮಿಷದ ನಡಿಗೆಯಿಂದ ಆರಂಭಿಸಿ ಹೆಚ್ಚಿಸುತ್ತ ಹೋದೆವು. ದ್ವಿಚಕ್ರ ವಾಹನವನ್ನು ಮಾತ್ರ ಕಾಲಿನ ನೋವು ಪೂರ್ತಿ ಹೋಗುವವರೆಗೆ ನಿಲ್ಲಿಸಿದ್ದೆ.

ಆರು ವಾರಗಳ ಹೊತ್ತಿಗೆ ನೋವು ಕಾಲನ್ನು ಬಿಟ್ಟಿತ್ತು. ಮೀನಖಂಡದ ಬಲ ಮರಳಲು ಮೂರು ತಿಂಗಳಿಗಿಂತ ಹೆಚ್ಚೇ ಹಿಡಿಯಿತು. ಕಿರುಬೆರಳಿನ ಜೋಮು ಕಡೆಯವರೆಗೂ ಉಳಿಯಿತು. ಹಿಮ್ಮಡಿಯ ಪ್ರತಿವರ್ತನ ಮರಳಲಿಲ್ಲ. ಅದು ಎಷ್ಟೋ ಜನರಲ್ಲಿ ಮರಳುವುದಿಲ್ಲ, ಅದರಿಂದ ನಡಿಗೆಗೆ ತೊಂದರೆಯೂ ಇಲ್ಲ. ಮುಂದೆ ಬೇರೆ ವೈದ್ಯರು ಪರೀಕ್ಷಿಸಿದರೆ ಇದು ಹಳೆಯದೆಂದು ತಿಳಿಸುವಂತೆ ಹೇಳಿದ್ದೇನೆ. ಹೊರಬಂದ ತಿರುಳನ್ನು ದೇಹವೇ ಕಾಲಕ್ರಮದಲ್ಲಿ ಕರಗಿಸಿಕೊಳ್ಳುವುದುಂಟು. ದೊಡ್ಡದಾಗಿ ಹೊರಬಂದ ತುಂಡುಗಳಲ್ಲಿ ಆ ಸಾಧ್ಯತೆ ಇನ್ನೂ ಹೆಚ್ಚು.

ಎಲ್ಲರಲ್ಲೂ ಹೀಗೊಂದು ದಿಕ್ಕು ಸಿಗುವುದಿಲ್ಲ. ಅರವತ್ತು ದಾಟಿದವರಲ್ಲಿ ನರದ ಹಾದಿಯೇ ಕಿರಿದಾಗಿದ್ದರೆ ಹಿಂದಕ್ಕೆ ಬಾಗುವುದರಿಂದ ಕಾಲುನೋವು ಹೆಚ್ಚುತ್ತದೆ, ಕುಳಿತರೆ ತಗ್ಗುತ್ತದೆ. ಅವರಿಗೆ ಈ ವ್ಯಾಯಾಮವನ್ನು ನಾನು ಕೊಡುವುದಿಲ್ಲ. ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಮಹಿಳೆಯಲ್ಲಿ ಯಾವ ಚಲನೆಯೂ ನೋವನ್ನು ಮೇಲಕ್ಕೆ ತರಲಿಲ್ಲ, ಮುಂದಿನ ಭೇಟಿಯ ಹೊತ್ತಿಗೆ ಪಾದವನ್ನು ಮೇಲೆತ್ತುವ ಬಲವೂ ಇಳಿದು ಚಪ್ಪಲಿ ನೆಲಕ್ಕೆ ಉಜ್ಜುತ್ತಿತ್ತು. ಅವರನ್ನು ಅಂದೇ ಶಸ್ತ್ರಚಿಕಿತ್ಸಕರ ಬಳಿಗೆ ಕಳಿಸಿದೆ, ಶಸ್ತ್ರಚಿಕಿತ್ಸೆಯಾಯಿತು. ಬಲ ಹೀಗೆ ಇಳಿಯದೆ ಬರೀ ನೋವಿದ್ದವರಿಗೆ ಕಾಯುವ ಅವಕಾಶವಿದೆ: ನೆದರ್ಲೆಂಡ್ಸ್‌ನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೇಗನೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಕಾಲುನೋವು ಬೇಗ ಕಡಿಮೆಯಾಯಿತಾದರೂ, ಒಂದು ವರ್ಷದ ಹೊತ್ತಿಗೆ ಅವರ ಮತ್ತು ಶಸ್ತ್ರಚಿಕಿತ್ಸೆಗೆ ಆತುರಪಡದೆ ಕಾದವರ ಚೇತರಿಕೆ ಸಮನಾಗಿತ್ತು. ಕಾಯಲು ಆರಂಭಿಸಿದ್ದ ಗುಂಪಿನಲ್ಲಿಯೂ ಐವರಲ್ಲಿ ಸುಮಾರು ಇಬ್ಬರು ಕೊನೆಗೆ ಶಸ್ತ್ರಚಿಕಿತ್ಸೆಗೆ ಹೋದರು ಎಂಬುದನ್ನೂ ನಾನು ರೋಗಿಗಳಿಗೆ ಮುಚ್ಚಿಡುವುದಿಲ್ಲ. ಆರರಿಂದ ಎಂಟು ವಾರಗಳ ನಂತರವೂ ನೋವು ಮೀನಖಂಡದಲ್ಲೇ ಬೀಡುಬಿಟ್ಟಿದ್ದರೆ, ನನ್ನ ಚಿಕಿತ್ಸೆಯನ್ನು ಮುಂದುವರಿಸುವ ಬದಲು ಶಸ್ತ್ರಚಿಕಿತ್ಸಕರ ಅಭಿಪ್ರಾಯ ಪಡೆಯಿರಿ ಎಂದು ನಾನೇ ಹೇಳುತ್ತೇನೆ.